ಕಾರ್ಟ್ ಬಿಟ್ಟು ಹೋದವರಿಗೆ ಜಾಹೀರಾತು: ನಿಜವಾದ ಲಾಭ ಎಷ್ಟು?

ಪ್ರಶ್ನೆ: ಸಾಗರದಿಂದ ಆನ್‌ಲೈನ್‌ನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಕಾರ್ಟ್‌ಗೆ ಹಾಕಿ ಕೊಳ್ಳದೆ ಹೋದವರಿಗೆ ಜಾಹೀರಾತು ತೋರಿಸಿದ್ದರಿಂದ 180 ಆರ್ಡರ್ ವಾಪಸ್ ಬಂತು ಅಂತ ರಿಪೋರ್ಟ್ ಹೇಳುತ್ತೆ. ನಂಬಬಹುದಾ?

ಉತ್ತರ: ಪೂರ್ತಿ ನಂಬಬೇಡಿ. ಅದರಲ್ಲಿ ಹೇಗಿದ್ದರೂ ಬರುತ್ತಿದ್ದವರೂ ಸೇರಿದ್ದಾರೆ. ಸಂಜೆ ಕಾರ್ಟ್‌ಗೆ ಹಾಕಿ, ಮನೆಯಲ್ಲಿ ಕೇಳಿ, ಬೆಳಿಗ್ಗೆ ದುಡ್ಡು ಕಟ್ಟುವವರು ಬೇಕಾದಷ್ಟು ಜನ. ನಡುವೆ ಜಾಹೀರಾತು ಕಣ್ಣಿಗೆ ಬಿದ್ದರೆ ರಿಪೋರ್ಟ್ ಅದನ್ನೂ ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತೆ.

ಅದಕ್ಕೇ ಕಾರ್ಟ್ ಬಿಟ್ಟವರಲ್ಲಿ ಅರ್ಧ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅವರಿಗೆ ಜಾಹೀರಾತು ತೋರಿಸಬೇಡಿ. ತೋರಿಸುವ 2000 ಜನರಲ್ಲಿ 180 ಮಂದಿ ಕೊಂಡರು, ತೋರಿಸದ 2000 ಜನರಲ್ಲಿ 140 ಮಂದಿ ಕೊಂಡರು ಅಂದುಕೊಳ್ಳಿ. ಜಾಹೀರಾತು ತಂದಿದ್ದು 40 ಮಾತ್ರ. ಖರ್ಚು 12,000 ರೂಪಾಯಿ ಆಗಿದ್ದರೆ ಒಂದು ಆರ್ಡರ್‌ಗೆ ಬಿದ್ದದ್ದು 300 ರೂಪಾಯಿ; ರಿಪೋರ್ಟ್ ಪ್ರಕಾರ ಬರೀ 67. ಒಂದು ಆರ್ಡರ್‌ನಲ್ಲಿ ನಿಮಗೆ 150 ಉಳಿಯುವುದಾದರೆ ಇದು ನಷ್ಟವೇ ಅಲ್ವಾ?

ಜಾಸ್ತಿ ಜನ ಎಡವುವುದು ಇಲ್ಲಿ: ಜಾಹೀರಾತು ಕ್ಲಿಕ್ ಮಾಡಿದವರನ್ನು ಮಾತ್ರ ಎಣಿಸುತ್ತಾರೆ. ಕ್ಲಿಕ್ ಮಾಡುವವರಿಗೆ ಮೊದಲೇ ಕೊಳ್ಳುವ ಮನಸ್ಸು ಜಾಸ್ತಿ. ಎರಡೂ ಗುಂಪಿನ ಎಲ್ಲರನ್ನೂ, ಒಂದೇ ಸಮನಾದ ದಿನಗಳವರೆಗೆ ಎಣಿಸಿ. ವಾಟ್ಸಾಪ್ ಜ್ಞಾಪನೆ ಕಳಿಸುತ್ತಿದ್ದರೆ ಇಬ್ಬರಿಗೂ ಒಂದೇ ಥರ ಹೋಗಲಿ. ತಿಂಗಳಿಗೆ ನೂರು ಕಾರ್ಟ್ ಮಾತ್ರ ಇದ್ದರೆ ಅವಸರದಲ್ಲಿ ತೀರ್ಮಾನಿಸಬೇಡಿ, ಅಷ್ಟರಲ್ಲಿ ಎರಡು ಮೂರು ಆರ್ಡರ್ ಸುಮ್ನೆ ಆಚೀಚೆ ಆಗುತ್ತೆ.