ಮೇಲಿನ ಮಹಡಿಯ ಕೋಣೆ ರಾತ್ರಿಯೂ ಕಾಯುತ್ತಿದ್ದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ನಮ್ಮ ಮೇಲಿನ ಮಹಡಿಯಲ್ಲಿ 12 ಅಡಿಗೆ 10 ಅಡಿಯ ಒಂದು ಕೋಣೆ ಇದೆ. ಮೇಲೆ 5 ಇಂಚಿನ ಸ್ಲ್ಯಾಬ್, ಪಶ್ಚಿಮಕ್ಕೆ 9 ಇಂಚಿನ ಇಟ್ಟಿಗೆ ಗೋಡೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಒಳಗೆ ಕೂರೋಕಾಗಲ್ಲ, ಫ್ಯಾನ್ ಹಾಕಿದರೆ ಬಿಸಿಗಾಳಿ. ಪೇಂಟ್ ಅಂಗಡಿಯವರು ಕೂಲ್ ರೂಫ್ ಪೇಂಟ್ ಹೊಡೆಸಿ ಅಂತಾರೆ, ಮೇಸ್ತ್ರಿ ಪಶ್ಚಿಮಕ್ಕೆ ಇನ್ನೊಂದು ಗೋಡೆ ಕಟ್ಟೋಣ ಅಂತಾರೆ, ನೆಂಟರು ಫಾಲ್ಸ್ ಸೀಲಿಂಗ್ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಮಾಡುವ ಕ್ರಮ ತಪ್ಪಿದರೆ ಜಾಸ್ತಿ ಖರ್ಚು ಮಾಡಿ ಕಡಿಮೆ ತಂಪು ಪಡೆಯುತ್ತೀರಿ. ಮೊದಲು ತಾರಸಿಯ ಮೇಲ್ಮೈ ಬಿಳಿ ಮಾಡಿ. ಸಾಲದಿದ್ದರೆ ಸ್ಲ್ಯಾಬಿನ ಮೇಲೆ ಶಾಖ ತಡೆಯುವ ಹಲಗೆ, ಅಂದರೆ ಇನ್ಸುಲೇಷನ್ ಹಾಕಿಸಿ. ಎರಡನೇ ಗೋಡೆಯ ಯೋಚನೆ ಕೊನೆಗೆ.

ಬಿಸಿ ಎಲ್ಲಿಂದ ಬರುತ್ತಿದೆ ಅನ್ನೋದನ್ನು ನೀವೇ ಅಳೆದು ನೋಡಬಹುದು. ದೂರದಿಂದ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಸಾಕು. ಬಿಸಿಲು ಚೆನ್ನಾಗಿದ್ದ ದಿನ ಸಂಜೆ ಏಳಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ಸೀಲಿಂಗ್, ಪಶ್ಚಿಮದ ಗೋಡೆ, ಒಳಗಿನ ಒಂದು ಗೋಡೆ, ಈ ಮೂರನ್ನೂ ಅಳೆದು ಬರೆದಿಡಿ. ಬಿಸಿಲು ಕಾಣದ ಒಳಗೋಡೆಯೇ ನಿಮ್ಮ ಅಳತೆಗೋಲು. ಸೀಲಿಂಗ್ ಅದಕ್ಕಿಂತ ಐದಾರು ಡಿಗ್ರಿ ಮೇಲಿದ್ದರೆ ಕಳ್ಳ ತಲೆಯ ಮೇಲೇ ಇದ್ದಾನೆ ಅಂತ ಅರ್ಥ. ಐದು ಇಂಚಿನ ಸ್ಲ್ಯಾಬಿನಲ್ಲಿ ಬಿಸಿಲು ಒಳಗಿಳಿಯಲು ಮೂರು ನಾಲ್ಕು ಗಂಟೆ ಬೇಕು. ಹಾಗಾಗಿ ಸೀಲಿಂಗ್ ಹೆಚ್ಚು ಕಾಯುವುದು ಸಂಜೆ. ಇಟ್ಟಿಗೆ ಗೋಡೆಗೆ ಬಿಸಿಲು ಬೀಳುವುದೇ ಮಧ್ಯಾಹ್ನದ ಮೇಲೆ, ದಾಟಿ ಬರಲು ಅದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಅದರ ಬಿಸಿ ರಾತ್ರಿ ಹತ್ತರ ಸುಮಾರಿಗೆ ಗೊತ್ತಾಗುತ್ತದೆ. ನಿಮ್ಮ ಕೋಣೆಯಲ್ಲಿ ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತಿರಬೇಕು.

ಅಂದಹಾಗೆ, ತಪ್ಪು ಫ್ಯಾನಿನದಲ್ಲ. ಕಾದ ಸೀಲಿಂಗ್ ನೇರವಾಗಿ ನಿಮ್ಮ ಮೈಮೇಲೆ ಶಾಖ ಸೂಸುತ್ತಿರುತ್ತದೆ. ಕೋಣೆಯ ಗಾಳಿ 32 ಡಿಗ್ರಿ, ಸೀಲಿಂಗ್ 40 ಡಿಗ್ರಿ ಇದ್ದರೆ ಮೈಗೆ 32 ಅನ್ನಿಸುವುದಿಲ್ಲ, ಅದಕ್ಕಿಂತ ಜಾಸ್ತಿಯೇ ಅನ್ನಿಸುತ್ತದೆ.

ಈಗ ನಿಮ್ಮ ಕೋಣೆಯದೇ ಲೆಕ್ಕ ಹಾಕೋಣ. ಸೀಲಿಂಗ್ ಸುಮಾರು 11 ಚದರ ಮೀಟರ್. ಹೊರಗೆ 36 ಡಿಗ್ರಿ, ನೆತ್ತಿ ಬಿಸಿಲು ಅಂದುಕೊಳ್ಳಿ. ಹಳೆಯ ಬೂದು ಸಿಮೆಂಟ್ ತಾರಸಿ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲನ್ನು ಹೀರಿಕೊಂಡು 60 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕಾಂಕ್ರೀಟ್ ಶಾಖವನ್ನು ತಡೆಯುವುದು ತೀರಾ ಕಡಿಮೆ. ಆ ಲೆಕ್ಕದಲ್ಲಿ ನಿಮ್ಮ ಕೋಣೆಗೆ 1,100 ವ್ಯಾಟ್ ಹತ್ತಿರದಷ್ಟು ಶಾಖ ಇಳಿಯುತ್ತದೆ. ಇಸ್ತ್ರಿ ಪೆಟ್ಟಿಗೆಯೊಂದನ್ನು ಆನ್ ಮಾಡಿ ಕೋಣೆಯಲ್ಲಿ ಬಿಟ್ಟ ಹಾಗೆ. ಅದೇ ತಾರಸಿಗೆ ಒಳ್ಳೆಯ ಬಿಳಿ ಲೇಪ ಇದ್ದರೆ ಮೇಲ್ಮೈ 44 ಡಿಗ್ರಿ ಸುತ್ತಮುತ್ತ ನಿಲ್ಲುತ್ತದೆ, ಒಳಗಿಳಿಯುವುದು 500 ವ್ಯಾಟ್. ಬಿಳಿ ಮಾಡದೆ 50 ಮಿ.ಮೀ. ಇನ್ಸುಲೇಷನ್ ಮಾತ್ರ ಹಾಕಿದರೆ 180 ವ್ಯಾಟ್. ಎರಡೂ ಇದ್ದರೆ 80 ವ್ಯಾಟ್. ಸ್ಲ್ಯಾಬಿನ ದಪ್ಪ ಈ ಏರಿಳಿತವನ್ನು ಸ್ವಲ್ಪ ಸಪಾಟು ಮಾಡುತ್ತದೆ, ಹಾಗಾಗಿ ಅಂಕಿಗಳನ್ನು ಅಂದಾಜು ಅಂತಲೇ ತಿಳಿಯಿರಿ. ಒಂದಕ್ಕೊಂದರ ಹೋಲಿಕೆ ಮಾತ್ರ ಬದಲಾಗುವುದಿಲ್ಲ. ಒಂದು ಬಿಳಿ ಲೇಪವೇ ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡಿ ಅಂದಿದ್ದು.

ಲೇಪ ಕೊಳ್ಳುವಾಗ ಎರಡು ಗುಣ ಕೇಳಿ. ಬಿದ್ದ ಬಿಸಿಲಲ್ಲಿ ಎಷ್ಟನ್ನು ವಾಪಸ್ ಕಳಿಸುತ್ತದೆ, ಮತ್ತು ಹೀರಿಕೊಂಡ ಶಾಖವನ್ನು ಎಷ್ಟು ಚೆನ್ನಾಗಿ ಆಕಾಶಕ್ಕೆ ಬಿಡುತ್ತದೆ. ಮೊದಲನೆಯದು 0.8ರ ಮೇಲೆ, ಎರಡನೆಯದು 0.85ರ ಮೇಲೆ ಇರಲಿ. ಹೊಳೆಯುವ ಬೆಳ್ಳಿ ಬಣ್ಣದ ಪೇಂಟ್ ಇಲ್ಲೇ ಸೋಲುತ್ತದೆ. ಬಿಸಿಲನ್ನು ತಕ್ಕಮಟ್ಟಿಗೆ ಹಿಂದಕ್ಕೆ ಕಳಿಸಿದರೂ ಒಳಗೆ ಸೇರಿದ ಶಾಖವನ್ನು ಬೇಗ ಬಿಡುವುದಿಲ್ಲ. ಇನ್ನೊಂದು ಮಾತು: ಹೊಸದರಲ್ಲಿ ಎಲ್ಲ ಬಿಳಿಯೂ ಚೆನ್ನಾಗಿರುತ್ತದೆ. ಧೂಳು, ಪಾಚಿ ಕೂತ ಮೇಲೆ 0.8 ಇದ್ದದ್ದು 0.6ಕ್ಕೆ ಇಳಿಯುವುದು ಮಾಮೂಲು. ಆದ್ದರಿಂದ ಮೂರು ವರ್ಷ ಹಳೆಯದಾದ ಮೇಲಿನ ಅಂಕಿ ಕೇಳಿ. ಕೊಡದಿದ್ದರೆ ನನಗಂತೂ ಅನುಮಾನ ಬರುತ್ತದೆ.

ಇಡೀ ತಾರಸಿಗೆ ಹೊಡೆಸುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಕೋಣೆಯ ಮೇಲಿನ ಅರ್ಧ ಭಾಗವನ್ನು ಮಾತ್ರ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ಎರಡು ಕೋಟ್ ಹೊಡೆಯಿರಿ. ಎರಡು ದಿನ ಬಿಟ್ಟು ಸಂಜೆ ಏಳಕ್ಕೆ ಒಳಗಿನಿಂದ ಸೀಲಿಂಗಿನ ಎರಡೂ ಅರ್ಧಗಳನ್ನು ಅಳೆಯಿರಿ. ಗಡಿಯಿಂದ ಎರಡು ಅಡಿ ದೂರದಲ್ಲಿ ಅಳೆದರೆ ಒಂದರ ಬಿಸಿ ಇನ್ನೊಂದಕ್ಕೆ ಬೆರೆತಿರುವುದಿಲ್ಲ. ನಾಲ್ಕೈದು ಡಿಗ್ರಿ ವ್ಯತ್ಯಾಸ ಕಂಡರೆ ಉಳಿದರ್ಧಕ್ಕೂ ಹೊಡೆಸಿ. ಒಂದೇ ಡಿಗ್ರಿ ಕಂಡರೆ ಪೇಂಟ್ ತೀರಾ ನೀರಾಗಿದೆ, ಇಲ್ಲವೇ ಮೊದಲೇ ತಾರಸಿ ಅಷ್ಟು ಕಾಯುತ್ತಿರಲಿಲ್ಲ. ಅದೇ ದಿನ ಒಂದು ಟೈಲ್ ತುಂಡಿಗೂ ಅದೇ ಪೇಂಟ್ ಹೊಡೆದು ಬೀರುವಿನಲ್ಲಿ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಅದನ್ನು ತಾರಸಿಯ ಮೇಲಿಟ್ಟು ನೋಡಿದರೆ ಎಷ್ಟು ಮಾಸಿದೆ ಅಂತ ಕಣ್ಣಿಗೇ ಕಾಣುತ್ತದೆ. ಬಹಳ ಸಲ ಹೊಸ ಕೋಟ್ ಬೇಕಾಗುವುದಿಲ್ಲ, ಬ್ರಷ್ ಹಾಕಿ ತೊಳೆದರೆ ಸಾಕು. ನೀರು ನಿಲ್ಲುವ ಜಾಗದಲ್ಲಿ ಮಾತ್ರ ಯಾವ ಲೇಪವೂ ಬಾಳುವುದಿಲ್ಲ. ಮೊದಲು ಅಲ್ಲಿ ಇಳಿಜಾರು ಸರಿ ಮಾಡಿಸಿ. ಎದುರಿಗೆ ಎತ್ತರದ ಮನೆ ಇದ್ದರೆ ಅವರ ಕಿಟಕಿಗೆ ಪ್ರತಿಫಲನ ಹೊಡೆಯಬಹುದು, ಮುಂಚೆಯೇ ಒಂದು ಮಾತು ಹೇಳಿಬಿಡಿ.

ಇಷ್ಟಾದರೂ ಸೆಕೆ ಕಡಿಮೆಯಾಗದಿದ್ದರೆ ಇನ್ಸುಲೇಷನ್. ಇದರಲ್ಲಿ ಹಾಕುವ ಜಾಗವೇ ಮುಖ್ಯ. ಸ್ಲ್ಯಾಬಿನ ಮೇಲೆ ಹಾಕಿದರೆ ಕಾಂಕ್ರೀಟಿಗೆ ಬಿಸಿಲೇ ತಾಗುವುದಿಲ್ಲ. ಕೆಳಗೆ ಹಾಕಿದರೆ ಸ್ಲ್ಯಾಬ್ ಮೊದಲಿನ ಹಾಗೇ ಕಾದು, ಇನ್ನಷ್ಟು ಹೊತ್ತು ಬಿಸಿ ಹಿಡಿದುಕೊಂಡಿರುತ್ತದೆ. ನಿಮ್ಮ ನೆಂಟರು ಹೇಳಿದ ಫಾಲ್ಸ್ ಸೀಲಿಂಗ್ ಸುಮ್ನೆ ಜಿಪ್ಸಮ್ ಬೋರ್ಡಿನದಾದರೆ ಶಾಖವನ್ನು ಹೆಚ್ಚೂ ಕಡಿಮೆ ಅರ್ಧ ಮಾಡುತ್ತದೆ. ಬೋರ್ಡಿನ ಮೇಲೆ ಹೊಳೆಯುವ ಫಾಯಿಲ್, ಅದರ ಮೇಲೆ ಖಾಲಿ ಜಾಗ ಬಿಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಯಾಕೆಂದರೆ ಮೇಲಿನಿಂದ ಕೆಳಗೆ ಬರುವ ಶಾಖದಲ್ಲಿ ಹೆಚ್ಚಿನ ಪಾಲು ಕಿರಣವಾಗಿ ಬರುತ್ತದೆ, ಫಾಯಿಲ್ ತಡೆಯುವುದು ಅದನ್ನೇ. ಆದರೆ ಸೋರಿಕೆ ಶುರುವಾದರೆ ಬೋರ್ಡ್ ನೆನೆದು ಕಲೆ ಬೀಳುವವರೆಗೂ ಗೊತ್ತಾಗುವುದಿಲ್ಲ. ತಾರಸಿಗೆ ಕೈಹಾಕಲು ಸಾಧ್ಯವೇ ಇಲ್ಲದ ಮನೆಗೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ಮೇಲೆ ಹಾಕುವ ಕ್ರಮ ಹೀಗಿದೆ. ಮೊದಲು ಇಳಿಜಾರು, ಅದರ ಮೇಲೆ ವಾಟರ್‌ಪ್ರೂಫಿಂಗ್. ಒಂದು ದಿನ ನೀರು ಕಟ್ಟಿ ನಿಲ್ಲಿಸಿ ಕೆಳಗೆ ಒಸರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ 50 ಮಿ.ಮೀ. ದಪ್ಪದ, ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಹಲಗೆಗಳನ್ನು ಸಂದು ಬಿಡದಂತೆ, ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಜೋಡಿಸಬೇಕು. ಮೇಲೊಂದು ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಪದರ, ಕೊನೆಗೆ ಜಾಲರಿ ಹಾಕಿದ 50 ಮಿ.ಮೀ. ಕಾಂಕ್ರೀಟ್. ಇದನ್ನು ಚೌಕ ಚೌಕವಾಗಿ ಸಂದು ಬಿಟ್ಟು ಹಾಕದಿದ್ದರೆ ಬಿಸಿಲಿಗೆ ಹಿಗ್ಗಿ ಎಲ್ಲೆಂದರಲ್ಲಿ ಸೀಳುತ್ತದೆ. ಆ ಮೇಲ್ಮೈಗೂ ಬಿಳಿ ಬಳಿಯಬೇಕು.

ಮಾಮೂಲಿ ಥರ್ಮಾಕೋಲ್ ಹಾಕ್ತೀನಿ, ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಒಣಗಿರುವಾಗ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ನಿಜ. ಆದರೆ ಈ ಜೋಡಣೆಯಲ್ಲಿ ಹಲಗೆ ವಾಟರ್‌ಪ್ರೂಫಿಂಗಿನ ಮೇಲೆ ಕೂರುತ್ತದೆ, ಮಳೆನೀರು ಅಲ್ಲಿಗೆ ಇಳಿದೇ ಇಳಿಯುತ್ತದೆ. ಥರ್ಮಾಕೋಲ್ ಮಣಿಗಳ ನಡುವೆ ನೀರು ಸೇರಿಕೊಳ್ಳುತ್ತದೆ, ಎಕ್ಸ್‌ಪಿಎಸ್ ಬಹಳ ಕಡಿಮೆ ಹೀರುತ್ತದೆ. ನೀರು ಇನ್ಸುಲೇಷನ್‌ಗಿಂತ ಸುಮಾರು ಇಪ್ಪತ್ತು ಪಟ್ಟು ಸುಲಭವಾಗಿ ಶಾಖ ಸಾಗಿಸುತ್ತದೆ, ಆದ್ದರಿಂದ ನೆಂದ ಹಲಗೆ ಇದ್ದೂ ಇಲ್ಲದ ಹಾಗೆ. ಮಳೆ ನಿಂತು ಎಷ್ಟೋ ದಿನ ಆದ ಮೇಲೂ ನೀರಿನ ಪೈಪಿನಿಂದ ತೊಟ್ಟಿಕ್ಕುತ್ತಿದ್ದರೆ, ಸೀಲಿಂಗಿನ ಒಂದೇ ಕಡೆ ಬಿಸಿ ಮಚ್ಚೆ ಕಂಡರೆ, ಒಳಗೆ ನೀರು ಕೂತಿದೆ ಅಂತ ತಿಳಿಯಿರಿ.

ಕೆಲಸ ಶುರು ಮಾಡುವ ಮುಂಚೆ ಟೇಪ್ ಹಿಡಿದು ತಾರಸಿ ಬಾಗಿಲ ಹೊಸ್ತಿಲು ಅಳೆಯಿರಿ. ನೆಲ ನಾಲ್ಕು ಇಂಚು ಮೇಲೆ ಬರುತ್ತದೆ. ಹೊಸ್ತಿಲು ಅದಕ್ಕಿಂತ ತಗ್ಗಿದ್ದರೆ ಮೊದಲ ಮಳೆಗೇ ನೀರು ಮೆಟ್ಟಿಲಿಗಿಳಿಯುತ್ತದೆ. ನೀರು ಹೋಗುವ ಪೈಪಿನ ಬಾಯನ್ನೂ ಎತ್ತರಿಸಬೇಕು, ಪ್ಯಾರಪೆಟ್ ಅಷ್ಟು ಗಿಡ್ಡವಾಗುತ್ತದೆ. ಮೇಲಿನ ಕಾಂಕ್ರೀಟ್ ಒಂದೇ ಚದರ ಮೀಟರಿಗೆ 120 ಕೆ.ಜಿ. ಹತ್ತಿರ ತೂಗುತ್ತದೆ. ಹಳೆಯ ಸ್ಲ್ಯಾಬ್ ಆದರೆ ಎಂಜಿನಿಯರಿಗೆ ತೋರಿಸದೆ ಹಾಕಿಸಬೇಡಿ. ಇನ್ನೊಂದು ಮಿತಿಯೂ ಇದೆ: ಇನ್ಸುಲೇಷನ್ ಹೊರಗಿನ ಶಾಖವನ್ನು ತಡೆದ ಹಾಗೇ ಒಳಗಿನದನ್ನೂ ಹಿಡಿದಿಡುತ್ತದೆ. ಕಿಟಕಿಯಿಂದ ಬಿಸಿಲು ಬರುತ್ತಿದ್ದು, ರಾತ್ರಿ ಗಾಳಿ ಆಡದಿದ್ದರೆ ಕೋಣೆ ತಣ್ಣಗಾಗುವುದು ನಿಧಾನ. ರಾತ್ರಿ ಎದುರುಬದುರು ಕಿಟಕಿ ತೆರೆದಿಡಲೇಬೇಕು.

ಈಗ ಮೇಸ್ತ್ರಿಯ ಗೋಡೆ. ನಿಮ್ಮ ಪಶ್ಚಿಮದ ಗೋಡೆ ಹತ್ತು ಚದರ ಮೀಟರ್ ಅಂದುಕೊಂಡರೆ, ಸಂಜೆ ಬಿಸಿಲಿಗೆ ಸುಮಾರು 500 ವ್ಯಾಟ್ ಒಳಬಿಡುವ ಲೆಕ್ಕ. ಅದೇ ಜಾಗದಲ್ಲಿ ನಾಲ್ಕೂವರೆ ಇಂಚಿನ ಎರಡು ಗೋಡೆ, ನಡುವೆ ಎರಡು ಇಂಚು ಖಾಲಿ ಇದ್ದಿದ್ದರೆ ಆ 500ರಲ್ಲಿ ಕಾಲು ಭಾಗ ಮಾತ್ರ ತಗ್ಗುತ್ತಿತ್ತು. ಮಬ್ಬು ಬಣ್ಣದ ಗೋಡೆಯನ್ನು ಬಿಳಿ ಮಾಡಿದರೆ ಅದಕ್ಕಿಂತ ಜಾಸ್ತಿ ತಗ್ಗುತ್ತದೆ! ಬಿಸಿಲೇ ಬೀಳದಂತೆ ಒಂದಡಿ ದೂರದಲ್ಲಿ ಬಳ್ಳಿಯ ಚಪ್ಪರವೋ ತಟ್ಟಿಯೋ ನಿಲ್ಲಿಸಿದರೆ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ. ಈಗಿರುವ ಗೋಡೆಯ ಹೊರಗೆ ಇನ್ನೊಂದನ್ನು ಕಟ್ಟಿದರೆ ಲಾಭ ಇನ್ನು ಸ್ವಲ್ಪ ಹೆಚ್ಚು ನಿಜ. ಆದರೆ ಮೇಲಿನ ಮಹಡಿಯಲ್ಲಿ ಆ ಗೋಡೆ ಯಾವುದರ ಮೇಲೆ ನಿಲ್ಲಬೇಕು? ಸಜ್ಜೆಯ ಮೇಲೆ ಇಟ್ಟಿಗೆ ಏರಿಸುವುದು ಅಪಾಯ.

ಹೊಸದಾಗಿ ಕಟ್ಟುವವರಿಗೆ ಎರಡು ಗೋಡೆ ಒಳ್ಳೆಯದೇ, ನಡುವೆ ಇನ್ಸುಲೇಷನ್ ಹಲಗೆ ಇಟ್ಟರೆ. ಎರಡನ್ನೂ ತುಕ್ಕು ಹಿಡಿಯದ ಕಂಬಿಗಳಿಂದ ಒಂದಕ್ಕೊಂದು ಜೋಡಿಸಬೇಕು, ಹೊರಗೋಡೆಯ ಬುಡದಲ್ಲಿ ನೀರು ಹೋಗಲು ಸಣ್ಣ ತೂತು ಬಿಡಬೇಕು. ಕಟ್ಟುವಾಗ ಸಂದಿಯಲ್ಲಿ ಗಾರೆ ಬಿದ್ದು ಕಂಬಿಯ ಮೇಲೆ ಕೂತರೆ ಅಲ್ಲಿಂದಲೇ ತೇವವೂ ಬಿಸಿಯೂ ದಾಟುತ್ತವೆ. ಅದಕ್ಕೆ ಸಂದಿಯ ಅಗಲದ ಒಂದು ಪಟ್ಟಿಗೆ ಹಗ್ಗ ಕಟ್ಟಿ ಒಳಗಿಳಿಸಿ, ಪ್ರತಿ ಸಾಲು ಕಂಬಿ ಇಡುವ ಮುಂಚೆ ಮೇಲೆಳೆದು ಗಾರೆ ಕೊಡವಲು ಮೇಸ್ತ್ರಿಗೆ ಹೇಳಿ.