ಪತ್ರಕ್ಕೆ ಕತ್ತರಿ ಹಾಕುವ ಮುಂಚೆ ‘ಬೇಕು’ ಎಣಿಸಿ

ಪ್ರಶ್ನೆ: ವಾಚಕರ ವಾಣಿಗೆ ಬರೆದ ಪತ್ರ 340 ಪದ ಆಗಿದೆ. ನೀವು 150 ಅಂತೀರಿ. ಎಲ್ಲವೂ ಮುಖ್ಯವೇ. ಏನು ತೆಗೆಯಲಿ ಸಾರ್? – ಓದುಗರೊಬ್ಬರು, ಮುಳ್ಳೇರಿಯ

ಎಲ್ಲವೂ ಮುಖ್ಯ ಅಂತ ಪ್ರತಿಯೊಬ್ಬರೂ ಹೇಳುತ್ತಾರೆ. ನಿಮ್ಮ ಪತ್ರದಲ್ಲಿ ‘ಬೇಕು’ ಅಂತ ಮುಗಿಯುವ ವಾಕ್ಯಗಳಿಗೆ ಗೆರೆ ಎಳೆದೆ. ಮೂರು ಸಿಕ್ಕಿದವು. ರಸ್ತೆ ಗುಂಡಿ ಮುಚ್ಚಬೇಕು, ಬೀದಿ ದೀಪ ಹಾಕಬೇಕು, ಪಂಚಾಯತಿನ ನೋಟಿಸ್ ಕನ್ನಡದಲ್ಲೂ ಇರಬೇಕು. ಮೂರಕ್ಕೆ ಮೂರು ಪತ್ರ. ನಿಮಗೆ ನಿಜವಾಗಿ ನೋವಾದದ್ದು ಮೂರನೆಯದು. ಪಿಂಚಣಿದಾರರು ಬದುಕಿದ್ದಾರೆ ಅಂತ ಖಚಿತಪಡಿಸಿಕೊಳ್ಳುವ ಮಸ್ಟರಿಂಗ್ ನೋಟಿಸ್ ಮಲಯಾಳದಲ್ಲಿ ಮಾತ್ರ ಇತ್ತು, ಕನ್ನಡ ಮಾತ್ರ ಓದಬಲ್ಲ ನಿಮ್ಮ ಅಮ್ಮನಿಗೆ ಕಡೇ ದಿನ ಗೊತ್ತಾಗಲಿಲ್ಲ, ಪಿಂಚಣಿ ನಿಂತಿತು. ಅದನ್ನೇ ಇಟ್ಟುಕೊಳ್ಳಿ.

ಇನ್ನು 1956ರ ನವೆಂಬರ್ 1. ಕಾಸರಗೋಡು ಕೇರಳಕ್ಕೆ ಸೇರಿದ ಕಥೆಗೆ ನೀವು ಒಂದು ಇಡೀ ಪ್ಯಾರಾ ಕೊಟ್ಟಿದ್ದೀರಿ. ಆ ನೋವು ನನಗೂ ಇದೆ. ಆದರೆ ನಮ್ಮ ಓದುಗರಿಗೆ ಅದು ಗೊತ್ತು, ಪಂಚಾಯತ್ ಸೆಕ್ರೆಟರಿ ಅದನ್ನು ಸರಿಮಾಡಲು ಆಗುವುದಿಲ್ಲ. ತೆಗೆಯಿರಿ.

ಬೇಡಿಕೆಯನ್ನು ಮೇಲೆ ತನ್ನಿ. ಪುಟದಲ್ಲಿ ಜಾಗ ಸಾಲದೆ ಹೋದರೆ ರಾತ್ರಿ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ. ಕೊನೆಯಲ್ಲಿ ಬೇಡಿಕೆ ಇಟ್ಟರೆ ಮೊದಲು ಹೋಗುವುದು ಅದೇ. ಶುರು ಹೀಗಿರಲಿ:

‘ನಮ್ಮ ಪಂಚಾಯತಿನಲ್ಲಿ ಪಿಂಚಣಿ ಮಸ್ಟರಿಂಗ್ ನೋಟಿಸ್ ಮಲಯಾಳದಲ್ಲಿ ಮಾತ್ರ ಹಾಕಿದ್ದರು. ಸೆಕ್ರೆಟರಿಯವರು ಅದರ ಪಕ್ಕದಲ್ಲೇ ಕನ್ನಡ ನೋಟಿಸ್ ಕೂಡ ಹಾಕಿಸಬೇಕು. ಅದಿಲ್ಲದೆ ನನ್ನ ಅಮ್ಮನಿಗೆ ಕಡೇ ದಿನ ತಪ್ಪಿ ಪಿಂಚಣಿ ನಿಂತಿದೆ.’

ಆಮೇಲೆ ನೋಟಿಸ್ ಹಾಕಿದ ತಾರೀಕು, ಕಡೇ ತಾರೀಕು, ನೀವು ಕಚೇರಿಗೆ ಹೋಗಿ ಕೇಳಿದ ದಿನ, ಸಿಕ್ಕಿದ ಉತ್ತರ. ಅಷ್ಟು ಸಾಕು, 100 ಪದದೊಳಗೆ ಮುಗಿಯುತ್ತದೆ. ‘ಬೇಕಂತಲೇ ಮಾಡಿದ್ದಾರೆ’ ಅನ್ನುವ ಸಾಲು ಬೇಡ. ಅದಕ್ಕೆ ನಿಮ್ಮ ಹತ್ತಿರ ಆಧಾರ ಇಲ್ಲ, ನಾವು ಹಾಕುವುದೂ ಇಲ್ಲ.

ಬರೆದಾದ ಮೇಲೆ ಮೊದಲ ಎರಡು ವಾಕ್ಯ ಮಾತ್ರ ಅಮ್ಮನಿಗೆ ಓದಿ ಹೇಳಿ. ಯಾರು ಏನು ಮಾಡಬೇಕು ಅಂತ ಅವರು ತಿರುಗಿ ಹೇಳಿದರೆ ಪತ್ರ ಸರಿಯಾಗಿದೆ.

ಒಂದು ವಿಷಯಕ್ಕೆ ನನಗೆ ಸಿಟ್ಟೇ ಬರುತ್ತದೆ. ಪದ ಕಡಿಮೆ ತೋರಿಸಲು ‘ಹಾಕಿಸಬೇಕಾಗಿದೆಯೆಂದುಕೇಳಿಕೊಳ್ಳುತ್ತೇನೆ’ ಅಂತ ಅಂಟಿಸಿ ಕಳಿಸುತ್ತಾರೆ. ನಾವು ಅಳೆಯುವುದು ಕಾಲಮಿನ ಸಾಲು, ಸುಮ್ನೆ ಅಂಟಿಸಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ತಗೊಂಡು ‘ಕಾನೂನು ಭಾಷೆ’ ತುಂಬಿಕೊಡುವವರನ್ನೂ ನಂಬಬೇಡಿ. ಅವರು ತುರುಕುವ ಕೇರಳದ 1969ರ ಭಾಷಾ ಕಾಯ್ದೆ ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಪಡೆಯಲು ಉಪಯೋಗಕ್ಕೆ ಬರುತ್ತದೆ. ನಿಮ್ಮ ದೂರು ನೋಟಿಸ್ ಬೋರ್ಡಿನದು.

ಪ್ರಶ್ನೆ: ಹೆಸರಿಲ್ಲದೆ ಹಾಕ್ತೀರಾ?

ಹೆಸರು, ಫೋನ್ ನಂಬರ್ ನಮಗೆ ಕೊಡಿ. ಅಚ್ಚಿನಲ್ಲಿ ಬೇಡ ಅಂದರೆ ಕಾರಣ ನೋಡಿ ಬಿಡುತ್ತೇವೆ.

ಪ್ರಶ್ನೆ: ಒಂದೇ ಪತ್ರ ನಾಲ್ಕು ಪತ್ರಿಕೆಗೆ ಕಳಿಸಬಹುದಾ?

ಬೇಡ.