14 ಜನರ ಸಂಸ್ಥೆಗೆ ಯಾವ ಅಪ್ರೈಸಲ್?

ಪ್ರಶ್ನೆ: ನಮ್ಮದು ಯುಪಿಎಸ್ ಮಾರಾಟ, ಸರ್ವಿಸ್ ಮಾಡುವ 14 ಜನರ ಸಂಸ್ಥೆ. ಈ ವರ್ಷ ಅಪ್ರೈಸಲ್ ಶುರು ಮಾಡಬೇಕು ಅಂತಿದ್ದೇವೆ. ಗುರಿ ಆಧಾರಿತ ಒಳ್ಳೆಯದಾ, ಕಾಂಪಿಟೆನ್ಸಿ ಆಧಾರಿತ ಒಳ್ಳೆಯದಾ?

ಗುರಿಯಿಂದಲೇ ಶುರು ಮಾಡಿ. ಕಾಂಪಿಟೆನ್ಸಿ ಕಡೆಯಿಂದ ಎರಡು ಮೂರು ನಡವಳಿಕೆಗಳನ್ನು ಮಾತ್ರ ತೆಗೆದುಕೊಂಡು ಅದರ ಜೊತೆ ಸೇರಿಸಿ.

ದೊಡ್ಡ ಕಂಪನಿಗಳ ಕಾಂಪಿಟೆನ್ಸಿ ಫಾರಂನಲ್ಲಿ ಹತ್ತು ಹನ್ನೆರಡು ಗುಣ, ಒಂದೊಂದಕ್ಕೆ ಐದು ಹಂತ ಇರುತ್ತವೆ. ಅಲ್ಲಿ ಒಬ್ಬ ಮ್ಯಾನೇಜರ್ ಕೊಟ್ಟ ಅಂಕವನ್ನು ಉಳಿದವರು ಕೂತು ತಾಳೆ ನೋಡುತ್ತಾರೆ. ನಿಮ್ಮಲ್ಲಿ ಅಂಕ ಕೊಡುವವರು ನೀವೊಬ್ಬರೇ. ಹಾಗಾಗಿ ಎಲ್ಲರಿಗೂ 3 ಅಥವಾ 4 ಬೀಳುತ್ತದೆ, ಮಾತಿನಲ್ಲಿ ಚುರುಕಾದವರಿಗೆ ಎಲ್ಲ ಸಾಲಿನಲ್ಲೂ 4. ಒಬ್ಬರ ಫಾರಂನಲ್ಲಿ ಮೇಲಿಂದ ಕೆಳಗೆ ಒಂದೇ ಅಂಕ ಕಂಡರೆ ಅದು ನಿಮ್ಮ ಒಲವಿನ ಅಂಕ ಎಂದೇ ತಿಳಿಯಿರಿ.

ಗುರಿಗೂ ತನ್ನದೇ ಕಾಟ ಇದೆ. ಟೆಕ್ನಿಷಿಯನ್‌ಗೆ ‘ತಿಂಗಳಿಗೆ 60 ಸರ್ವಿಸ್ ಕಾಲ್ ಮುಗಿಸಬೇಕು’ ಎಂದು ಬರೆದರೆ ಅವರು ಬೇಗ ಬೇಗ ಮುಗಿಸುತ್ತಾರೆ, ವಾರದಲ್ಲಿ ಅದೇ ಯುಪಿಎಸ್‌ಗೆ ಮತ್ತೆ ದೂರು ಬರುತ್ತದೆ. ಅದಕ್ಕೆ ಎರಡು ಷರತ್ತು ಹಾಕಿ. 15 ದಿನದೊಳಗೆ ಅದೇ ದೋಷಕ್ಕೆ ಮರಳಿ ಬಂದ ಕಾಲ್ ಲೆಕ್ಕಕ್ಕಿಲ್ಲ. ಬಿಡಿಭಾಗ ಸ್ಟಾಕ್ ಇಲ್ಲದೆ ನಿಂತ ಕಾಲ್‌ಗಳನ್ನು ಗುರಿಯಿಂದಲೇ ಕಳೆಯಿರಿ, ಸ್ಟಾಕ್ ತರಿಸುವುದು ಅವರ ಕೈಲಿಲ್ಲವಲ್ಲ.

ಒಂದು ಲೆಕ್ಕ ನೋಡಿ. ಆ ತಿಂಗಳು 54 ಕಾಲ್ ಮುಗಿದಿವೆ, 6 ಮರಳಿ ಬಂದಿವೆ, ಅಂದರೆ 48. ಬಿಡಿಭಾಗಕ್ಕೆ ನಿಂತದ್ದು 5, ಹಾಗಾಗಿ ಗುರಿ 55. ಸಾಧನೆ ಶೇ. 87. ಗುರಿಗೆ 70 ಅಂಕ ಇಟ್ಟಿದ್ದರೆ 61 ಸಿಕ್ಕಿತು.

ಉಳಿದ 30 ನಡವಳಿಕೆಗೆ. ‘ಗ್ರಾಹಕ ಸ್ನೇಹಿ’ ಎಂಬಂಥ ಪದ ಬರೆಯಬೇಡಿ, ಕಣ್ಣಿಗೆ ಕಾಣುವುದನ್ನು ಬರೆಯಿರಿ. ತಡವಾದಾಗ ಗ್ರಾಹಕರೇ ಫೋನ್ ಮಾಡಿ ಕೇಳಬೇಕಾಯಿತು: 1 ಅಂಕ. ತಡವಾದ ಮೇಲೆ ಇವರು ಫೋನ್ ಮಾಡಿದರು: 2. ಮೊದಲೇ ತಿಳಿಸಿ ಹೊಸ ದಿನಾಂಕ ಕೊಟ್ಟರು: 3. ಹೀಗೆ 3ಕ್ಕೆ ಅಳೆದ ಮೂರು ನಡವಳಿಕೆಗೆ 2, 3, 2 ಬಂದರೆ 9ಕ್ಕೆ 7, ಅಂದರೆ 30ಕ್ಕೆ 23. ಒಟ್ಟು 84. ಪ್ರತಿ ಅಂಕದ ಪಕ್ಕ ದಿನಾಂಕ ಸಮೇತ ಎರಡು ಘಟನೆ ಇರಲಿ. ವರ್ಷದ ಕೊನೆಗೆ ನೆನಪು ಮಾಡಿಕೊಂಡು ಬರೆದರೆ ಫೆಬ್ರವರಿ, ಮಾರ್ಚ್‌ದು ಮಾತ್ರ ಸಿಗುತ್ತದೆ. ಆದ್ದರಿಂದ ಆಗಾಗಲೇ ಡೈರಿಯಲ್ಲಿ ಒಂದು ಸಾಲು ಗೀಚಿಡಿ.

70:30 ಎಲ್ಲರಿಗೂ ಹೊಂದುವುದಿಲ್ಲ. ಅಕೌಂಟ್ಸ್ ನೋಡುವವರಿಗೆ ಜಿಎಸ್‌ಟಿಆರ್-1 ಅನ್ನು 11ರೊಳಗೆ, 3ಬಿಯನ್ನು 20ರೊಳಗೆ ಸಲ್ಲಿಸುವುದು ಗುರಿ ಎಂದರೆ ಅದು ಹೇಗೂ ಮಾಡಲೇಬೇಕಾದ ಕೆಲಸ, ಅದರಲ್ಲಿ ಹೆಚ್ಚು ಕಡಿಮೆ ಅಳೆಯಲು ಏನೂ ಇಲ್ಲ. ಅವರಿಗೆ ನಡವಳಿಕೆಗೆ 50 ಇಡಿ.

ಗುರಿಗಳನ್ನು ಮೂರು ತಿಂಗಳಿಗೊಮ್ಮೆ ತಿದ್ದಿ, ಇಬ್ಬರೂ ಸಹಿ ಹಾಕಿ. ನಡವಳಿಕೆಯ ಅಂಕವನ್ನು ಮೊದಲ ವರ್ಷ ಇನ್‌ಕ್ರಿಮೆಂಟ್‌ಗೆ ಜೋಡಿಸಬೇಡಿ, ನಿಮ್ಮ ಕೈ ಮೊದಲು ಪಳಗಲಿ.